ಮೊದಲ ವಾಕ್ಯದ ಹೊಣೆ
(ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಬಳ್ಳಾರಿಯ ಜೀನ್ಸ್ ಉಡುಪು ದೂರದ ಊರುಗಳಿಗೂ ಹೋಗುತ್ತದೆ. ಇಂದು ಅದರ ಆರ್ಡರುಗಳು ಮೊಬೈಲ್‌ಗೇ ಬರುತ್ತವೆ; ವಂಚಕರೂ ಅದೇ ದಾರಿಯಲ್ಲಿ ಬರುತ್ತಾರೆ. ದೊಡ್ಡ ಆರ್ಡರಿನ ಆಸೆ ತೋರಿಸಿ, ಮುಂಗಡ ಪಡೆಯಲು ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುತ್ತಾರೆ. ಒತ್ತಿದೊಡನೆ ಹಣ ಬರುವುದಿಲ್ಲ, ಹೋಗುತ್ತದೆ. ಈ ಎಚ್ಚರಿಕೆಯನ್ನು ಅರವತ್ತು ಸೆಕೆಂಡಿನ ನಿಲುವು ವಿಡಿಯೋದಲ್ಲಿ ಹೇಳುವುದು ಹೇಗೆಂದು ನೋಡೋಣ.

ನಮ್ಮಲ್ಲಿ ಹೆಚ್ಚಿನವರು ಹೀಗೆ ಆರಂಭಿಸುತ್ತಾರೆ: "ಅಸ್ಸಲಾಮು ಅಲೈಕುಂ, ಎಲ್ಲರಿಗೂ ಸ್ವಾಗತ, ಇವತ್ತು ನಾವು ಆನ್‌ಲೈನ್ ವಂಚನೆಯ ಬಗ್ಗೆ ತಿಳಿಯೋಣ." ಅಷ್ಟರಲ್ಲಿ ಆರೇಳು ಸೆಕೆಂಡು ಕಳೆದಿರುತ್ತದೆ. ನೋಡುವವನ ಬೆರಳು ಮುಂದಿನ ವಿಡಿಯೋಗೆ ಸರಿದಿರುತ್ತದೆ. ಸಲಾಮ್ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮೊದಲ ವಾಕ್ಯದ ಬೆನ್ನಿಗೆ ಹೇಳಬಹುದು. ಆ ಮೊದಲ ವಾಕ್ಯ ಹೀಗಿರಲಿ:

"ಅಡ್ವಾನ್ಸ್ ಕಳಿಸಿದೀನಿ, ಪಿನ್ ಒತ್ತಿ ಅಂದ್ರಾ? ಒತ್ತಬೇಡಿ, ನಿಮ್ಮ ದುಡ್ಡೇ ಹೋಗ್ತದೆ."

ನಾಲ್ಕೈದು ಸೆಕೆಂಡಿನ ಈ ಮಾತಿನಲ್ಲಿ ವ್ಯಾಪಾರಿಯು ತಾನು ಕೇಳಿದ ಮಾತನ್ನೇ ಗುರುತಿಸುತ್ತಾನೆ. ತನಗೇ ಹೇಳಿದ್ದೆಂದು ನಿಲ್ಲುತ್ತಾನೆ. ವಿಡಿಯೋ ಅಲ್ಲಿಗೇ ನಿಂತುಹೋದರೂ ಎಚ್ಚರಿಕೆ ಮುಟ್ಟಿರುತ್ತದೆ. "ಬಳ್ಳಾರಿಯಲ್ಲಿ ಭಯಾನಕ ವಂಚನೆ, ಕೊನೆಯವರೆಗೂ ನೋಡಿ" ಎಂಬುದೂ ಕ್ಷಣಕಾಲ ನಿಲ್ಲಿಸೀತು. ಆದರೆ ಅದು ಏನನ್ನೂ ಹೇಳದೆ ಭಯ ಮಾತ್ರ ಹುಟ್ಟಿಸುತ್ತದೆ. ಮೊದಲ ವಾಕ್ಯ ಕೊಟ್ಟ ಮಾತನ್ನು ಉಳಿದ ಐವತ್ತೈದು ಸೆಕೆಂಡು ಉಳಿಸಿಕೊಳ್ಳಬೇಕು.

ಆದ್ದರಿಂದ ಮುಂದಿನ ಹದಿನೈದು ಸೆಕೆಂಡು ವಂಚನೆ ನಡೆಯುವ ಬಗೆಗೆ. ನಂತರದ ಇಪ್ಪತ್ತು ಒಂದೇ ನಿಯಮಕ್ಕೆ: ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಕಿಲ್ಲ. ಉಳಿದದ್ದು ಪರಿಹಾರಕ್ಕೆ: ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ವಂಚಕನ ಖಾತೆಯಲ್ಲಿ ಹಣವನ್ನು ತಡೆಹಿಡಿಯುವುದು ಕಷ್ಟ. ಇನ್ನೊಂದು ವಂಚನೆಯ ಕಥೆಯನ್ನು ಇದರಲ್ಲಿ ತುರುಕಬಾರದು. ಅದಕ್ಕೆ ಬೇರೆ ವಿಡಿಯೋ ಇರಲಿ.

ಬರೆದದ್ದನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಬೇಕು. ನಮ್ಮ ಕನ್ನಡದ ಪದಗಳು ಉದ್ದ. ನೂರು ಪದ ದಾಟಿದರೆ ಓಡಿಸಿ ಓದಬೇಕಾಗುತ್ತದೆ. ಓದುವಾಗ ನಾಲಿಗೆ ಎಡವಿದ ಕಡೆ ಗ್ರಾಂಥಿಕ ಪದ ಉಳಿದಿದೆಯೆಂದೇ ಅರ್ಥ. ಶಬ್ದವಿಲ್ಲದೆ ನೋಡುವವರೂ ಇರುವುದರಿಂದ ಮೊದಲ ವಾಕ್ಯವನ್ನು ಪರದೆಯ ಮೇಲೂ ಬರೆಯಿರಿ. ಆದರೆ ಕೆಳತುದಿಯಲ್ಲಿ ಬೇಡ. ಅಲ್ಲಿ ಖಾತೆಯ ಹೆಸರು, ವಿವರಣೆಗಳು ಅದನ್ನು ಮುಚ್ಚುತ್ತವೆ.

ಹಾಕಿದ ಬಳಿಕ ನೋಡುಗರು ಎಲ್ಲಿ ಬಿಟ್ಟುಹೋದರೆಂಬುದನ್ನು ಆ್ಯಪ್‌ನ ರೇಖಾಚಿತ್ರ ತೋರಿಸುತ್ತದೆ. ರೇಖೆ ಮೊದಲ ಮೂರು ಸೆಕೆಂಡಿನಲ್ಲೇ ಕುಸಿದಿದ್ದರೆ ಮೊದಲ ವಾಕ್ಯವನ್ನು ತಿದ್ದಬೇಕು. ನಡುವೆ ಕುಸಿದಿದ್ದರೆ ಅಲ್ಲಿ ಮಾತು ಎಳೆದಿದೆ. ಆದರೂ ನಮಗೆ ಮುಖ್ಯವಾದದ್ದು ಎಷ್ಟು ಮಂದಿ ನೋಡಿದರೆಂಬುದಲ್ಲ, ಪಿನ್ ಒತ್ತಲು ಹೊರಟ ಒಂದು ಬೆರಳು ತಡೆಯಿತೇ ಎಂಬುದು.