ಕಳೆದರೆ ತೊಂಬತ್ತು, ಎಣಿಸಿದರೆ ತೊಂಬತ್ತೊಂದು

ನಾನು ಬಿ.ಕಾಂ. ಓದಿ, ಇಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತಿರೋಳು. ಇವತ್ತು ದುಡ್ಡಿನ ಲೆಕ್ಕ ಬೇಡ, ದಿನದ ಲೆಕ್ಕ ಮಾತಾಡೋಣ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಎಲ್ಲರಿಗೂ ಇದು ಬೇಕಾಗುತ್ತೆ.

ಟಿ.ಯು. ಡಾರ್ಮ್‌ಸ್ಟಾಟ್‌ನಲ್ಲಿ ಓದುತ್ತಿರುವ ಹಾಸನದ ಕಡೆಯ ಹುಡುಗ ಒಬ್ಬ ನಮ್ಮ ಮನೆಗೆ ಬಂದಿದ್ದ. ಅವನ ಅಪ್ಪ ಅಮ್ಮನಿಗೆ 90 ದಿನದ ಷೆಂಗೆನ್ ವೀಸಾ ಸಿಕ್ಕಿತ್ತು. 2026ರ ಏಪ್ರಿಲ್ 1ರಂದು ಫ್ರಾಂಕ್‌ಫರ್ಟ್‌ನಲ್ಲಿ ಇಳಿಯೋದು, ಜೂನ್ 30ಕ್ಕೆ ವಾಪಸ್. ಟಿಕೆಟ್ ತೆಗೆಯೋ ಮುಂಚೆ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ್ದ. "ಅಕ್ಕಾ, ಸರಿಯಾಗಿ ತೊಂಬತ್ತು ಬಂತು. ಒಂದು ದಿನಾನೂ ವೇಸ್ಟ್ ಮಾಡಿಲ್ಲ ನೋಡಿ" ಅಂದ.

ನಾನು ಗೋಡೆಯ ಕ್ಯಾಲೆಂಡರ್ ತೋರಿಸಿದೆ. "ಏಪ್ರಿಲ್‌ನಲ್ಲಿ ಎಷ್ಟು ದಿನ?" "ಮೂವತ್ತು." "ಮೇ?" "ಮೂವತ್ತೊಂದು." "ಜೂನ್?" "ಮೂವತ್ತು." "ಕೂಡು ನೋಡೋಣ." ಕೂಡಿದ. 91. ಹುಡುಗನ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ ಎಕ್ಸೆಲ್ ತಪ್ಪಾ ಅಕ್ಕಾ?"

ಎಕ್ಸೆಲ್ ತಪ್ಪಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಬೇರೆ. ಎಕ್ಸೆಲ್ ಒಳಗೆ ಪ್ರತಿ ತಾರೀಖಿಗೂ ಒಂದು ನಂಬರ್ ಇರುತ್ತೆ. 2026ರ ಏಪ್ರಿಲ್ 1ಕ್ಕೆ 46113, ಜೂನ್ 30ಕ್ಕೆ 46203. ಒಂದರಿಂದ ಒಂದು ಕಳೆದರೆ 90. ಆ 90 ಅಂದ್ರೆ ಏಪ್ರಿಲ್ 1ರಿಂದ ಜೂನ್ 30 ತಲುಪೋಕೆ ಎಷ್ಟು ಹೆಜ್ಜೆ ಮುಂದೆ ಹೋಗಬೇಕು ಅನ್ನೋದು. ಎಷ್ಟು ತಾರೀಖುಗಳ ಮೇಲೆ ಕಾಲಿಟ್ಟೆವು ಅನ್ನೋದಲ್ಲ.

ಅವನಿಗೆ ಚಿಕ್ಕದಾಗಿ ಹೇಳಿದೆ: "ನಿಮ್ಮ ಮಾವ ಒಂದನೇ ತಾರೀಖು ಬಂದು ಮೂರನೇ ತಾರೀಖು ಹೋದರು ಅಂತ ಇಟ್ಕೋ. ಎಷ್ಟು ರಾತ್ರಿ ಮಲಗಿದ್ರು?" "ಎರಡು." "ಎಷ್ಟು ದಿನ ನಿಮ್ಮನೇಲಿ ಊಟ ಮಾಡಿದ್ರು?" "ಒಂದು, ಎರಡು, ಮೂರು... ಮೂರು ದಿನ." ಅಷ್ಟೇ ಕಣೋ. ಕಳೆದಾಗ ಸಿಗೋದು ರಾತ್ರಿಗಳ ಲೆಕ್ಕ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿ ಎಣಿಸಿದಾಗ ಸಿಗೋದು ತಾರೀಖುಗಳ ಲೆಕ್ಕ. ಎರಡನೆಯದು ಯಾವಾಗಲೂ ಒಂದು ಜಾಸ್ತಿ. ಬೇಲಿಯಲ್ಲಿ ಮೂರು ಗೂಟ ನೆಟ್ಟರೆ ನಡುವೆ ಸಂದು ಎರಡೇ ತಾನೆ? ಹಾಗೆ.

ಹೋಟೆಲ್‌ನವರಿಗೆ ರಾತ್ರಿಯ ಲೆಕ್ಕ ಸಾಕು, ಕೋಣೆ ಬಾಡಿಗೆ ರಾತ್ರಿಗೆ. ಆದರೆ ಷೆಂಗೆನ್ ನಿಯಮ ತಾರೀಖುಗಳನ್ನು ಎಣಿಸುತ್ತೆ. ಒಳಗೆ ಬಂದ ದಿನ ಮೊದಲನೇ ದಿನ, ಹೊರಗೆ ಹೋದ ದಿನ ಕೊನೇ ದಿನ ಅಂತ ಅದರಲ್ಲೇ ಬರೆದಿದೆ. ಬೆಳಗ್ಗೆ ಬಂದಿಳಿದರೂ ಒಂದು ದಿನ, ರಾತ್ರಿ ಹನ್ನೊಂದಕ್ಕೆ ಇಳಿದರೂ ಒಂದು ದಿನ. ಹಾಗಾಗಿ ಹೀಗೆ ಬರೀಬೇಕು:

```
A2: 01.04.2026
B2: 30.06.2026
=B2-A2      90  (ರಾತ್ರಿ)
=B2-A2+1    91  (ದಿನ)
```

ಜರ್ಮನ್ ಎಕ್ಸೆಲ್‌ನಲ್ಲಿ `=TAGE(B2;A2)` ಅಂತ ಹಾಕಿದರೂ 90 ಬರೋದು. ಅದೂ ಕಳೆಯೋದೇ, ಹೆಸರು ಮಾತ್ರ "ದಿನಗಳು". ಸೂತ್ರದ ಮೇಲೆ ಅನುಮಾನ ಬಂದರೆ ಒಂದರಿಂದ ಮೂರನೇ ತಾರೀಖು ಹಾಕಿ ನೋಡಿ. ಎರಡು ಬಂದರೆ ಅದು ರಾತ್ರಿ ಎಣಿಸ್ತಿದೆ, ಮೂರು ಬಂದರೆ ದಿನ. ಬೆರಳಲ್ಲಿ ಎಣಿಸಬಹುದಾದಷ್ಟು ಚಿಕ್ಕ ಲೆಕ್ಕದಲ್ಲಿ ತಪ್ಪು ತಕ್ಷಣ ಗೊತ್ತಾಗುತ್ತೆ.

ಹಾಗಾದರೆ ನಮ್ಮ ಹುಡುಗನ ಅಪ್ಪ ಅಮ್ಮನಿಗೆ ತೊಂಬತ್ತನೇ ದಿನ ಯಾವುದು? ಜೂನ್ 29. ಜೂನ್ 30ಕ್ಕೆ ಹೊರಟಿದ್ದರೆ ಒಂದು ದಿನ ಹೆಚ್ಚಾಗಿ ಉಳಿದ ಹಾಗೆ. ಒಂದೇ ದಿನ ಅಲ್ವಾ, ಯಾರು ನೋಡ್ತಾರೆ ಅನ್ನಬೇಡಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಇ.ಇ.ಎಸ್. ಅನ್ನುವ ವ್ಯವಸ್ಥೆ ಹಂತ ಹಂತವಾಗಿ ಶುರುವಾಗಿದೆ. ಬಂದ ತಾರೀಖು, ಹೋದ ತಾರೀಖು ಕಂಪ್ಯೂಟರ್‌ನಲ್ಲೇ ದಾಖಲಾಗುತ್ತೆ, ಮುದ್ರೆ ಹುಡುಕಿ ಎಣಿಸೋ ಕೆಲಸ ಇಲ್ಲ. ಹೆಚ್ಚು ದಿನ ಉಳಿದಿದ್ದು ಅದರಲ್ಲಿ ಕಂಡರೆ ದಂಡ ಬೀಳಬಹುದು, ಮುಂದಿನ ವೀಸಾ ಕೇಳುವಾಗ ಉತ್ತರ ಕೊಡಬೇಕಾಗಬಹುದು. ಅವನು ಟಿಕೆಟನ್ನು ಜೂನ್ 28ಕ್ಕೆ ಬದಲಾಯಿಸಿದ. ಅದು 89ನೇ ದಿನ. ವಿಮಾನ ರದ್ದಾದರೆ ಕೈಯಲ್ಲಿ ಒಂದು ದಿನ ಇರಲಿ ಅಂತ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಮೊದಲನೆಯದು, ಯಾವ ತಾರೀಖು ಹಿಡಿಯಬೇಕು ಅನ್ನೋದು. ಬೆಂಗಳೂರಲ್ಲಿ ಮಾರ್ಚ್ 31ರ ರಾತ್ರಿ ವಿಮಾನ ಹತ್ತಿದರೂ ಲೆಕ್ಕ ಶುರುವಾಗೋದು ಷೆಂಗೆನ್ ಗಡಿ ದಾಟಿದ ಏಪ್ರಿಲ್ 1ರಿಂದ. ಗಡಿ ಎಲ್ಲಿ ಅನ್ನೋದನ್ನೂ ನೋಡಿ: ದುಬೈ ಮೂಲಕ ಬಂದರೆ ಫ್ರಾಂಕ್‌ಫರ್ಟ್‌ನಲ್ಲೇ ಪ್ರವೇಶ, ಪ್ಯಾರಿಸ್ ಮೂಲಕ ಬಂದರೆ ಪ್ಯಾರಿಸ್‌ನಲ್ಲೇ ಪ್ರವೇಶ. ವಾಪಸ್ ಹೋಗುವಾಗಲೂ ಹಾಗೆಯೇ.

ಎರಡನೆಯದು, ವೀಸಾ ಚೀಟಿಯ ಮೇಲಿನ ತಾರೀಖುಗಳು. ಅದರಲ್ಲಿ 'ಇಂದಿನಿಂದ, ಇಲ್ಲಿಯವರೆಗೆ' ಅಂತ ಎರಡು ತಾರೀಖು ಇರುತ್ತೆ, ಬೇರೆ ಜಾಗದಲ್ಲಿ ಎಷ್ಟು ದಿನ ಉಳಿಯಬಹುದು ಅಂತ ಇರುತ್ತೆ. ಆ ತಾರೀಖುಗಳ ನಡುವಿನ ಅವಧಿ ಹೆಚ್ಚಾಗಿ ದಿನಗಳ ಸಂಖ್ಯೆಗಿಂತ ಉದ್ದ ಇರುತ್ತೆ, ಪ್ರಯಾಣ ಹಿಂದೆ ಮುಂದೆ ಆಗಲಿ ಅಂತ ಬಿಟ್ಟಿರೋದು. ಕೊನೇ ತಾರೀಖಿನವರೆಗೂ ಇರಬಹುದು ಅಂದ್ಕೋಬೇಡಿ. ದಿನದ ಸಂಖ್ಯೆ 30 ಅಂತಿದ್ದರೆ ಮೂವತ್ತೇ.

ಇಷ್ಟು ಹೇಳಿದ ಮೇಲೆ ಹುಡುಗ ಕೇಳಿದ: "ಹಂಗಾದ್ರೆ ಎಲ್ಲಾ ಕಡೆ ಒಂದು ಸೇರಿಸಿಬಿಡ್ಲಾ ಅಕ್ಕಾ?" ಬೇಡ. ಅಲ್ಲೇ ಇನ್ನೊಂದು ತಪ್ಪು ಆಗೋದು. ಪ್ರೊಬೆಝೈಟ್, ಅಂದರೆ ಪರೀಕ್ಷಾ ಅವಧಿಯಲ್ಲಿ ಕೆಲಸ ಬಿಡೋಕೆ ಸಾಮಾನ್ಯವಾಗಿ ಎರಡು ವಾರದ ನೋಟಿಸ್. ಮಾರ್ಚ್ 3ರಂದು ಪತ್ರ ಕಂಪನಿಯ ಕೈ ಸೇರಿತು ಅಂತಿಟ್ಟುಕೊಳ್ಳಿ. ಜರ್ಮನಿಯ ನಾಗರಿಕ ಕಾನೂನು ಬಿ.ಜಿ.ಬಿ.ಯ 187ನೇ ಕಲಂ ಪ್ರಕಾರ ಒಂದು ಘಟನೆಯಿಂದ ಗಡುವು ಶುರುವಾದರೆ ಆ ಘಟನೆಯ ದಿನ ಲೆಕ್ಕಕ್ಕಿಲ್ಲ. ಎಣಿಕೆ 4ರಿಂದ. ಹದಿನಾಲ್ಕನೇ ದಿನ ಮಾರ್ಚ್ 17, ಅದೇ ಕೆಲಸದ ಕೊನೇ ದಿನ. ಇಲ್ಲಿ 17ರಲ್ಲಿ 3 ಕಳೆದರೆ 14, ಸುಮ್ಮನೆ ಕಳೆದದ್ದೇ ಸರಿ. ಒಂದು ಸೇರಿಸಿದವನು 16ಕ್ಕೇ ಮುಗೀತು ಅಂದ್ಕೊಂಡು ಒಂದು ದಿನ ಮುಂಚೆ ಕೆಲಸ ಬಿಟ್ಟುಬಿಡ್ತಾನೆ.

ಆದ್ದರಿಂದ ಲೆಕ್ಕ ಹಾಕೋ ಮುಂಚೆ ಕೇಳಬೇಕಾದ್ದು ಒಂದೇ: ಮೊದಲ ದಿನವೂ ಸೇರುತ್ತಾ, ಕೊನೇ ದಿನವೂ ಸೇರುತ್ತಾ? ಎರಡೂ ಸೇರಿದರೆ ಕಳೆದು ಒಂದು ಕೂಡಿ. ಒಂದೇ ಸೇರಿದರೆ ಬರೀ ಕಳೆಯಿರಿ. ಅದನ್ನು ನಿಯಮದ ಕಾಗದ ಹೇಳುತ್ತೆ, ಎಕ್ಸೆಲ್ ಹೇಳಲ್ಲ.

ಈ ಗೊಂದಲ ನಮ್ಮ ಮಾತಿನಲ್ಲೇ ಇದೆ. ವಾರಕ್ಕೆ ಏಳೇ ದಿನ, ಆದರೂ ಊರಲ್ಲಿ "ಎಂಟು ದಿನ ಬಿಟ್ಟು ಬಾ" ಅಂತೀವಿ. ಸೋಮವಾರದಿಂದ ಸೋಮವಾರಕ್ಕೆ ಎರಡೂ ಸೋಮವಾರ ಸೇರಿಸಿ ಎಣಿಸೋದು. ಇಲ್ಲಿನ ಜರ್ಮನ್ನರೂ ಮುಂದಿನ ವಾರಕ್ಕೆ "ಇನ್ ಆಖ್ಟ್ ಟಾಗೆನ್" ಅಂತಾರೆ, ಅಂದರೆ ಎಂಟು ದಿನದಲ್ಲಿ. ಅಪ್ಪ ಅಮ್ಮನನ್ನು ಏರ್‌ಲೈನರ್ ಬಸ್ ಹತ್ತಿಸಿ ವಿಮಾನ ನಿಲ್ದಾಣಕ್ಕೆ ಕಳಿಸೋ ಮುಂಚೆ, ಟಿಕೆಟ್ ತೆಗೆಯೋ ದಿನವೇ, ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಒಂದು ಸಲ ಎಣಿಸಿಬಿಡಿ.