‘ಓಕೆ’ ಅನ್ನೋ ಮುಂಚೆ: ಮದುವೆ ಆಲ್ಬಂ ಪ್ರೂಫ್ ಮತ್ತು ಎರಡು ರೌಂಡ್ ಕರೆಕ್ಷನ್

ಇವತ್ತಿನ ಸಂಚಿಕೆ ಒಂದು ವಾಟ್ಸಾಪ್ ಮೆಸೇಜ್ ಬಗ್ಗೆ. ಮದುವೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಫೋಟೊ ಸ್ಟುಡಿಯೋದಿಂದ ಬರುತ್ತಲ್ಲ, ಅದೇ. ನಮ್ಮ ಚಿಕ್ಕಮ್ಮನ ಮಗಳಿಗೆ ಬಂದಿದ್ದನ್ನ ಅವಳ ಒಪ್ಪಿಗೆ ತಗೊಂಡು ಓದ್ತೀನಿ. ಸ್ಟುಡಿಯೋ ಹೆಸರು ಬೇಡ.

“ನಮಸ್ಕಾರ ಮೇಡಂ. ನಿಮ್ಮ ಆಲ್ಬಂನ ಮೊದಲ ಪ್ರೂಫ್ ಕಳಿಸಿದ್ದೇವೆ. ಒಟ್ಟು 40 ಶೀಟ್, ಸೈಜ್ 12×36. ಎರಡು ರೌಂಡ್ ಕರೆಕ್ಷನ್ ಪ್ಯಾಕೇಜ್‌ನಲ್ಲೇ ಸೇರಿದೆ. ಮೂರನೇ ರೌಂಡ್‌ನಿಂದ ಶೀಟ್‌ಗೆ 150 ರೂಪಾಯಿ. ಬದಲಾವಣೆಗಳನ್ನು ಶೀಟ್ ನಂಬರ್ ಹಾಕಿ ಒಂದೇ ಸಲ ಕಳಿಸಿ. ಅಪ್ರೂವ್ ಆದ ಮೇಲೆ ಬದಲಾವಣೆ ಸಾಧ್ಯವಿಲ್ಲ. 7 ದಿನದಲ್ಲಿ ಉತ್ತರ ಬರದಿದ್ದರೆ ಅಪ್ರೂವ್ ಎಂದು ತಿಳಿದು ಪ್ರಿಂಟ್‌ಗೆ ಕಳಿಸುತ್ತೇವೆ.”

ನಮ್ಮಲ್ಲಿ ಹೆಚ್ಚಿನವರು ಇದನ್ನ ಓದಿ ಒಂದು ಹೆಬ್ಬೆರಳು ಎತ್ತಿ ಕಳಿಸಿಬಿಡ್ತಾರೆ. ಆ ಹೆಬ್ಬೆರಳು ಏನು ಮಾಡುತ್ತೆ ಅನ್ನೋದು ಇವತ್ತಿನ ವಿಷಯ.

ಮೊದಲು, ಅಪ್ರೂವ್ ಆದ ಮೇಲೆ ಯಾಕೆ ಬದಲಾಯಿಸೋಕೆ ಆಗಲ್ಲ? ಸ್ಟುಡಿಯೋದವರ ಹಟ ಅಂತ ಅನ್ಕೋಬೇಡಿ. ಆಲ್ಬಂ ತಯಾರಾಗೋದು ಬೇರೆ ಲ್ಯಾಬ್‌ನಲ್ಲಿ. 36 ಇಂಚು ಉದ್ದದ ಒಂದು ಶೀಟ್ ಅಂದ್ರೆ ಆಲ್ಬಂ ಬಿಚ್ಚಿದಾಗ ಎಡ, ಬಲ ಎರಡೂ ಪುಟ ಸೇರಿ ಒಂದೇ ಪ್ರಿಂಟ್. ಅದನ್ನ ನಡುವೆ ಮಡಚಿ, ಒಂದು ಶೀಟಿನ ಬೆನ್ನಿಗೆ ಮುಂದಿನ ಶೀಟಿನ ಬೆನ್ನು ಅಂಟಿಸ್ತಾರೆ. ಆಮೇಲೆ ಮೂರೂ ಬದಿ ಒಟ್ಟಿಗೆ ಕತ್ತರಿಸ್ತಾರೆ. ಹಾಗಾಗಿ ಒಂದು ಪುಟ ತಪ್ಪಾಗಿದೆ ಅಂತ ಪುಸ್ತಕದ ಹಾಳೆ ಥರ ಅದನ್ನಷ್ಟೇ ತೆಗೆದು ಹಾಕೋಕೆ ಬರಲ್ಲ. ತಪ್ಪು ಸರಿ ಮಾಡಬೇಕಂದ್ರೆ ಬಹುತೇಕ ಇಡೀ ಆಲ್ಬಂ ಮತ್ತೆ ಮಾಡಿಸಬೇಕು, ದುಡ್ಡು ಮತ್ತೆ ಕೊಡಬೇಕು. ನಿಮ್ಮ ‘ಓಕೆ’ ಬಂದ ದಿನದಿಂದ ಆ ತಪ್ಪಿನ ಖರ್ಚು ಸ್ಟುಡಿಯೋ ತಲೆಯಿಂದ ನಿಮ್ಮ ತಲೆಗೆ ಬರುತ್ತೆ. ಮೆಸೇಜಿನ ಅಸಲಿ ಅರ್ಥ ಇದು.

ಎರಡನೇದು, ರೌಂಡ್ ಅಂದ್ರೆ ಏನು. ಎಷ್ಟು ಬದಲಾವಣೆ ಹೇಳಿದ್ರಿ ಅನ್ನೋದು ಲೆಕ್ಕ ಅಲ್ಲ, ಎಷ್ಟು ಸಲ ಪಟ್ಟಿ ಕಳಿಸಿದ್ರಿ ಅನ್ನೋದು ಲೆಕ್ಕ. ಒಂದೇ ಪಟ್ಟಿಯಲ್ಲಿ 20 ತಿದ್ದುಪಡಿ ಇದ್ದರೂ ಒಂದೇ ರೌಂಡ್. ಬೆಳಿಗ್ಗೆ ನೀವೊಂದು ಹೇಳಿ, ಸಂಜೆ ನಿಮ್ಮ ಮಾವನವರು ಫೋನ್ ಮಾಡಿ ಇನ್ನೊಂದು ಹೇಳಿದ್ರೆ ಎರಡು ರೌಂಡ್ ಅಲ್ಲಿಗೆ ಮುಗೀತು ಅಂತ ಸ್ಟುಡಿಯೋದವರು ಹೇಳಬಹುದು. ಅವರ ಕಡೆಯಿಂದ ನೋಡಿದ್ರೆ ಅದರಲ್ಲೂ ನ್ಯಾಯ ಇದೆ. ಪ್ರತಿ ಸಲ ಡಿಸೈನರ್ ಫೈಲ್ ತೆಗೆದು, ತಿದ್ದಿ, ಮತ್ತೆ ಪ್ರೂಫ್ ಮಾಡಿ ಕಳಿಸಬೇಕು.

ನಮ್ಮ ಹುಡುಗಿ ಮಾಡಿದ್ದು ಇಷ್ಟೇ. ಪ್ರೂಫನ್ನ ಎರಡೂ ಮನೆಯ ಗ್ರೂಪಿಗೆ ಹಾಕಿ, “ನಾಲ್ಕು ದಿನ ಟೈಮ್, ಏನಿದ್ರೂ ನನಗೆ ಹೇಳಿ, ಸ್ಟುಡಿಯೋಗೆ ಯಾರೂ ಫೋನ್ ಮಾಡಬೇಡಿ” ಅಂದಳು. ಬಂದಿದ್ದನ್ನೆಲ್ಲ ಶೀಟ್ ನಂಬರ್ ಪ್ರಕಾರ ಬರೆದಳು. ಒಟ್ಟು 11 ಬಂತು. ಹೆಸರಿನ ತಪ್ಪು ಒಂದು, ಒಂದೇ ಫೋಟೊ ಎರಡು ಕಡೆ ಬಂದಿದ್ದು ಒಂದು, ಸೋದರಮಾವನ ಮನೆಯವರು ಎಲ್ಲೂ ಇಲ್ಲದಿರೋದು ಒಂದು, ಹೀಗೆ. ಹೊಸ ಫೋಟೊ ಹಾಕಿ ಅಂತ ಹೇಳುವಾಗ ಯಾವುದನ್ನ ತೆಗೀಬೇಕು ಅಂತಲೂ, ಫೈಲ್ ನಂಬರ್ ಸಮೇತ, ಬರೆದಳು. ಅದು ಬರೀದಿದ್ರೆ ಡಿಸೈನರ್ ಊಹೆ ಮಾಡಬೇಕು. ಆ ಊಹೆ ತಪ್ಪಿದ್ರೆ ಎರಡನೇ ರೌಂಡ್ ಅದಕ್ಕೇ ಖರ್ಚಾಗುತ್ತೆ.

ಈಗ ಮುಖ್ಯವಾದದ್ದು. ಪ್ರೂಫ್‌ನಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ?

ಶೀಟ್ 23. ಧಾರೆ ಆದ ಮೇಲೆ ಅವಳ ಅಜ್ಜಿ ಅಕ್ಷತೆ ಹಾಕ್ತಿರೋ ಫೋಟೊನ ಶೀಟ್ ತುಂಬ ದೊಡ್ಡದಾಗಿ ಹಾಕಿದ್ರು. ಮೊಬೈಲಲ್ಲಿ ಬಹಳ ಚೆನ್ನಾಗಿ ಕಾಣ್ತಿತ್ತು. ಮದುವೆಯಾಗಿ ಎರಡು ತಿಂಗಳಿಗೆ ಅಜ್ಜಿ ತೀರಿಕೊಂಡಿದ್ರು. ಅಕ್ಷತೆ ಹಾಕೋವಾಗಿನ ಅವರ ಮುಖ ಸರಿಯಾಗಿ ಬಂದಿದ್ದ ಫೋಟೊ ಅದೊಂದೇ. ಪ್ರೂಫ್‌ನಲ್ಲಿ ಶೀಟ್ ಚಪ್ಪಟೆಯಾಗಿ ಕಾಣುತ್ತೆ, ಮಡಿಕೆ ಕಾಣಲ್ಲ. ಅವಳು ಸ್ಕ್ರೀನ್ ಮೇಲೆ ಸರಿಯಾಗಿ ನಡುವೆ ಒಂದು ಸ್ಕೇಲ್ ಇಟ್ಟು ನೋಡಿದಳು. ಅದು ಅಜ್ಜಿ ಮುಖದ ಮೇಲೇ ಬಿತ್ತು. ಪ್ರಿಂಟ್ ಆಗಿದ್ರೆ ಆಲ್ಬಂ ತೆಗೆದಾಗೆಲ್ಲ ಮಡಿಕೆ ಗೆರೆ ಅವರ ಮೂಗಿನ ಮೇಲೆ ಇರ್ತಿತ್ತು. “ಫೋಟೊನ ಬಲಕ್ಕೆ ಸರಿಸಿ, ಮುಖ ಪೂರ್ತಿ ಬಲಗಡೆ ಪುಟದಲ್ಲಿ ಬರಲಿ” ಅಂತ ಬರೆದಳು. ಎರಡನೇ ಪ್ರೂಫ್‌ನಲ್ಲಿ ಸರಿಯಾಯ್ತು. ನೀವೂ ಪ್ರತಿ ಶೀಟಿನ ನಡುವೆ ಯಾರ ಮುಖ ಇದೆ ಅಂತ ನೋಡಿ. ಅಂಚಲ್ಲೂ ನೋಡಿ. ಕತ್ತರಿಸೋವಾಗ ಸ್ವಲ್ಪ ಹೋಗುತ್ತೆ, ತುದಿಗೆ ಅಂಟಿಕೊಂಡಿರೋ ಕೈ, ಅಕ್ಷರ ಉಳಿಯಲ್ಲ.

ಇನ್ನೊಂದು ಕನ್ನಡದ ಅಕ್ಷರ. ನೀವು ವಾಟ್ಸಾಪಲ್ಲಿ ಹೆಸರು ಸರಿಯಾಗೇ ಕಳಿಸಿರ್ತೀರಿ, ಅದು ಯೂನಿಕೋಡ್. ಡಿಸೈನರ್ ನುಡಿಯಂಥ ಹಳೇ ಫಾಂಟ್ ಬಳಸ್ತಿದ್ರೆ ನಿಮ್ಮ ಅಕ್ಷರವನ್ನ ಹಾಗೇ ಕಾಪಿ ಮಾಡೋಕೆ ಬರಲ್ಲ, ಮತ್ತೆ ಟೈಪ್ ಮಾಡಬೇಕು. ತಪ್ಪು ನುಸುಳೋದು ಅಲ್ಲೇ. ಯೂನಿಕೋಡ್ ಫಾಂಟೇ ಬಳಸಿದ್ರೂ ಫೋಟೊಶಾಪ್‌ನಲ್ಲಿ ಸೆಟ್ಟಿಂಗ್ ಸರಿ ಇಲ್ಲದಿದ್ರೆ ಒತ್ತಕ್ಷರ ಒಡೆಯುತ್ತೆ, ‘ಲಕ್ಷ್ಮಿ’ ಹೋಗಿ ‘ಲಕ್‌ಷ್‌ಮಿ’ ಆಗುತ್ತೆ. ಒಂದು ಕಡೆ ಸರಿ ಇದೆ ಅಂತ ಬಿಡಬೇಡಿ. ಕವರ್, ಮೊದಲ ಶೀಟ್, ಕೊನೆ ಶೀಟ್, ಹೆಸರು ಎಲ್ಲೆಲ್ಲಿದೆಯೋ ಅಷ್ಟೂ ಕಡೆ ಓದಿ.

ಇನ್ನು ಬಣ್ಣ. ವಾಟ್ಸಾಪಲ್ಲಿ ಬರೋ ಪ್ರೂಫ್ ಚಿಕ್ಕ ಸೈಜಿಂದು, ಒತ್ತಿ ಕುಗ್ಗಿಸಿದ್ದು. ಮೊಬೈಲ್ ಸ್ಕ್ರೀನ್ ಹಿಂದೆ ಬೆಳಕಿರುತ್ತೆ, ಕಾಗದಕ್ಕೆ ಇರಲ್ಲ. ಹಾಗಾಗಿ ಪ್ರಿಂಟ್ ಸಾಮಾನ್ಯವಾಗಿ ಸ್ವಲ್ಪ ಕಪ್ಪಗೇ ಬರುತ್ತೆ. ರಾತ್ರಿ ರಿಸೆಪ್ಷನ್ ಫೋಟೊಗಳಲ್ಲಿ ಇದು ಎದ್ದು ಕಾಣುತ್ತೆ. ಪ್ರೂಫ್ ನೋಡಿ ಬಣ್ಣಕ್ಕೆ ಒಪ್ಪಿಗೆ ಕೊಡೋಕೆ ಆಗಲ್ಲ. ಬಣ್ಣದ ಬಗ್ಗೆ ಅನುಮಾನ ಇದ್ರೆ ಒಂದೆರಡು ಫೋಟೊ ಸ್ಯಾಂಪಲ್ ಪ್ರಿಂಟ್ ಕೇಳಿ, ಅದರ ದುಡ್ಡು ಕೊಟ್ಟರೂ ನಷ್ಟ ಇಲ್ಲ.

ಕೊನೇದು ಆ 7 ದಿನದ ಸಾಲು. ಬಿಕಾಂನಲ್ಲಿ ಬ್ಯುಸಿನೆಸ್ ಲಾ ಓದಿದವರಿಗೆ 1862ರ ಫೆಲ್ಟ್‌ಹೌಸ್ ವರ್ಸಸ್ ಬಿಂಡ್ಲಿ ಕೇಸ್ ನೆನಪಿರಬಹುದು. ಒಬ್ಬ ಇಂಗ್ಲಿಷ್ ಮನುಷ್ಯ ತನ್ನ ಸೋದರನ ಮಗನಿಗೆ, ನಿನ್ನಿಂದ ಉತ್ತರ ಬರದಿದ್ರೆ ಕುದುರೆ ನನ್ನದೇ ಅನ್ಕೋತೀನಿ ಅಂತ ಬರೆದ. ಸುಮ್ಮನಿರೋದು ಒಪ್ಪಿಗೆ ಅಲ್ಲ ಅಂತ ಕೋರ್ಟ್ ಹೇಳಿತು. ಹಾಗಂತ ನೀವು ನಿಶ್ಚಿಂತೆಯಿಂದ ಇರಬೇಡಿ. ಬುಕಿಂಗ್ ದಿನ ಸಹಿ ಹಾಕಿದ ಫಾರಂನಲ್ಲೇ ಆ 7 ದಿನದ ಷರತ್ತು ಇದ್ರೆ, ನೀವು ಮೊದಲೇ ಒಪ್ಪಿದ್ದೀರಿ ಅಂತ ಅವರು ವಾದಿಸಬಹುದು. ಮೊದಲ ಬಾರಿಗೆ ಮೆಸೇಜಲ್ಲೇ ಬಂದಿದ್ರೆ ಅವತ್ತೇ, “ಉತ್ತರ ಕೊಡದಿದ್ರೆ ಅಪ್ರೂವ್ ಅಂತ ತಗೋಬೇಡಿ, ನಾನು ಬರೆದು ಹೇಳಿದ ಮೇಲೇ ಪ್ರಿಂಟ್‌ಗೆ ಕಳಿಸಿ” ಅಂತ ಉತ್ತರ ಹಾಕಿ. ಟೈಮ್ ಬೇಕಿದ್ರೆ ಯಾವ ತಾರೀಖಿನವರೆಗೆ ಅಂತ ಹೇಳಿ. ಅವರಿಗೂ ಲ್ಯಾಬ್‌ಗೆ ಯಾವಾಗ ಕಳಿಸಬೇಕು ಅಂತ ಗೊತ್ತಾಗುತ್ತೆ.

ಒಪ್ಪಿಗೆ ಕೊಡೋವಾಗಲೂ ಬರೀ ‘ಓಕೆ’ ಬೇಡ. ಯಾವ ಪ್ರೂಫಿಗೆ ಓಕೆ? ಮೊದಲನೇದಕ್ಕಾ, ತಿದ್ದಿದ್ದಕ್ಕಾ? ಹಳೇ ಫೈಲ್ ಲ್ಯಾಬ್‌ಗೆ ಹೋಗೋ ಅಪಾಯ ಇರೋದು ಇಲ್ಲೇ. ನಮ್ಮ ಹುಡುಗಿ ಬರೆದಿದ್ದು ಹೀಗಿತ್ತು: “ಸರ್, 14ನೇ ತಾರೀಖು ನೀವು ಕಳಿಸಿದ ಎರಡನೇ ಪ್ರೂಫ್, ಶೀಟ್ 1ರಿಂದ 40, ಕವರ್ ಸೇರಿ, ಅಪ್ರೂವ್ ಮಾಡಿದ್ದೇನೆ. ಶೀಟ್ 23 ತಿದ್ದಿದ ಫೈಲೇ ಪ್ರಿಂಟ್‌ಗೆ ಹೋಗಲಿ. ಡೆಲಿವರಿ ಯಾವತ್ತು ಅಂತ ತಿಳಿಸಿ.”

ನಾಲ್ಕು ಸಾಲು. ಮುಂದೆ ಆಲ್ಬಂನಲ್ಲಿ ಬೇರೇನಾದ್ರೂ ಬಂದ್ರೆ ತೋರಿಸೋಕೆ ನಿಮ್ಮ ಹತ್ತಿರ ಇರೋ ದಾಖಲೆ ಇದು. ಎರಡನೇ ಪ್ರೂಫ್ ಫೈಲನ್ನೂ ಆಲ್ಬಂ ಕೈಗೆ ಬಂದು, ಒಂದೊಂದೇ ಶೀಟ್ ಹೋಲಿಸಿ ನೋಡೋವರೆಗೆ ಡಿಲೀಟ್ ಮಾಡಬೇಡಿ. ಬಾಕಿ ದುಡ್ಡು ಕೊಡೋದು ಅದಾದ ಮೇಲೆ.