ಮೈಸೂರಿನ ಎಂ.ಬಿ.ಬಿ.ಎಸ್. ಲಂಡನ್ನಿನಲ್ಲಿ ಸಲ್ಲುತ್ತಿದ್ದ ಕಾಲ

(ದಟ್ಟಗಳ್ಳಿಯಲ್ಲಿ ಬಡಾವಣೆಯ ಹಿರಿಯರ ಸಂಜೆಯ ಕೂಟದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯಳಲ್ಲ, ವಕೀಲಳೂ ಅಲ್ಲ. ಪತ್ರಿಕೆಯಲ್ಲಿ ದಿನದ ಸುದ್ದಿ ಬರೆಯುವವಳು. ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದರೆ, ದಟ್ಟಗಳ್ಳಿಯ ಮನೆಗಳಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹೊರದೇಶದಲ್ಲಿರುವ ಮಗ, ಸೊಸೆ, ಮೊಮ್ಮಗಳ ಹತ್ತಿರ ಬಂದು ನಿಲ್ಲುತ್ತದೆ. ಆಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: "ಇಲ್ಲಿಯ ಡಿಗ್ರಿ ಅಲ್ಲಿ ನಡೆಯುತ್ತದೆಯೇ?" ಎಂಜಿನಿಯರು, ಲೆಕ್ಕಪರಿಶೋಧಕ, ನರ್ಸು ಎಲ್ಲರಿಗೂ ಈ ಪ್ರಶ್ನೆ ಇದ್ದೇ ಇದೆ. ಎಲ್ಲರ ಕಥೆ ಹೇಳಲು ಹೊರಟರೆ ರಾತ್ರಿ ಊಟಕ್ಕೆ ತಡವಾದೀತು. ಆದ್ದರಿಂದ ವೈದ್ಯರದೊಂದನ್ನೇ ಹಿಡಿಯುತ್ತೇನೆ. ನಮ್ಮೂರಿಗೂ ಅದಕ್ಕೂ ಹಳೆಯ ನಂಟಿದೆ.

ವೈದ್ಯರಾಗಲು ಪದವಿಯೊಂದೇ ಸಾಲದು; ಪರಿಷತ್ತಿನ ಪುಸ್ತಕದಲ್ಲಿ ಹೆಸರು ಇರಬೇಕು. ಬ್ರಿಟನ್ನಿನಲ್ಲಿ ಆ ಪುಸ್ತಕ ಇಡುವುದು ಜನರಲ್ ಮೆಡಿಕಲ್ ಕೌನ್ಸಿಲ್. 1858ರ ಕಾನೂನಿನಿಂದ ಹುಟ್ಟಿದ ಸಂಸ್ಥೆ ಅದು. 1886ರಲ್ಲಿ ಬಂದ ಇನ್ನೊಂದು ಕಾನೂನು ಸಾಮ್ರಾಜ್ಯದ ಬೇರೆ ನಾಡುಗಳಿಗೂ ಬಾಗಿಲು ತೆರೆಯಿತು. ಷರತ್ತು ಇಷ್ಟೇ: ನಮ್ಮ ವೈದ್ಯರಿಗೆ ನಿಮ್ಮಲ್ಲಿ ವೃತ್ತಿ ಮಾಡಲು ಬಿಡಿ, ನಿಮ್ಮ ವೈದ್ಯರಿಗೆ ನಾವು ಬಿಡುತ್ತೇವೆ. ಪರಸ್ಪರ ಮಾನ್ಯತೆ ಎಂದರೆ ಈ ಕೊಡುಕೊಳ್ಳುವಿಕೆ. 1892ರಿಂದ ಭಾರತದ ವೈದ್ಯ ಪದವಿಗಳಿಗೂ ಲಂಡನ್ನಿನಲ್ಲಿ ಈ ಮನ್ನಣೆ ಸಿಕ್ಕಿತು.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಏರ್ಪಾಟಿನಲ್ಲಿ ಯಾರೂ ವೈದ್ಯನನ್ನು ಪರೀಕ್ಷಿಸುವುದಿಲ್ಲ. ಪರೀಕ್ಷೆಯಾಗುವುದು ಅವನು ಓದಿದ ಕಾಲೇಜಿಗೆ, ಅದೂ ಒಮ್ಮೆ ಮಾತ್ರ. ಆಮೇಲೆ ಅಲ್ಲಿಂದ ಹೊರಬಿದ್ದವರೆಲ್ಲರೂ ಒಳ್ಳೆಯವರೆಂದೇ ಲೆಕ್ಕ. ಹಾಗಾದರೆ ಕಾಲೇಜಿನೊಳಗೆ ಹೋಗಿ ನೋಡುವವರು ಯಾರು? ಅವರ ಮನುಷ್ಯರೋ, ನಮ್ಮ ಮನುಷ್ಯರೋ? ಈ ಒಪ್ಪಂದ ಎರಡು ಬಾರಿ ಮುರಿದು ಬಿತ್ತು. ಎರಡು ಬಾರಿಯೂ ಜಗಳ ಇದೇ ಪ್ರಶ್ನೆಯ ಸುತ್ತ ನಡೆದದ್ದು.

ಮೊದಲ ಜಗಳ ಶುರುವಾದದ್ದು ಹೆರಿಗೆ ಕೋಣೆಯಲ್ಲಿ. ವಿದ್ಯಾರ್ಥಿಯೊಬ್ಬ ಪದವಿ ಪಡೆಯುವ ಮೊದಲು ಇಷ್ಟು ಹೆರಿಗೆಗಳನ್ನು ಸ್ವತಃ ನಡೆಸಿರಬೇಕೆಂದು ಲಂಡನ್ನಿನ ಕೌನ್ಸಿಲ್ ಕೇಳುತ್ತಿತ್ತು. ನಮ್ಮ ದೇಶದಲ್ಲಿ ಆಗ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಹೋಗುವುದೇ ಅಪರೂಪ. ಮನೆಯಲ್ಲಿ ಸೂಲಗಿತ್ತಿ ಇದ್ದಳು. ಆಸ್ಪತ್ರೆಗೆ ಬಂದರೂ ಗಂಡು ಹುಡುಗರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹೀಗಿರುವಾಗ ಲೆಕ್ಕ ತುಂಬುವುದಾದರೂ ಎಲ್ಲಿಂದ? 1922ರಲ್ಲಿ ಸರ್ ನಾರ್ಮನ್ ವಾಕರ್ ಇಲ್ಲಿಗೆ ಬಂದು ಕಾಲೇಜುಗಳನ್ನು ನೋಡಿಹೋದರು. ಅನಂತರ ಕರ್ನಲ್ ನೀಧಾಮ್ ಎಂಬ ಅಧಿಕಾರಿ ತಪಾಸಣೆ ಮಾಡುತ್ತ ಬಂದರು. ಇಂಥ ತಪಾಸಣೆಗೆ ಕಾಯಂ ಅಧಿಕಾರಿಯೊಬ್ಬರು ಬೇಕೆಂದು ಲಂಡನ್ ಒತ್ತಾಯಿಸಿತು. ಭಾರತದ ಕೇಂದ್ರ ಶಾಸನಸಭೆಯ ಸದಸ್ಯರು ಅದಕ್ಕೆ ಹಣ ಮಂಜೂರು ಮಾಡಲು ಒಪ್ಪಲಿಲ್ಲ. ನಮ್ಮ ಕಾಲೇಜಿನ ಮೇಲೆ ಲಂಡನ್ನಿನ ಕಣ್ಗಾವಲು, ಅದಕ್ಕೆ ಸಂಬಳ ನಮ್ಮ ಕಿಸೆಯಿಂದ: ಅವರಿಗೆ ಇದು ಸಹಿಸಲಿಲ್ಲ. 1930ರಲ್ಲಿ ಕೌನ್ಸಿಲ್ ಭಾರತದ ಪದವಿಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು.

ಅದೇ 1930ರಲ್ಲಿ ನಮ್ಮ ಮೆಡಿಕಲ್ ಕಾಲೇಜು ಬೆಂಗಳೂರಿನಿಂದ ಮೈಸೂರಿಗೆ ಬಂತು. ಬೆಂಗಳೂರಿನಲ್ಲಿ ಅದು ಆರಂಭವಾದದ್ದು 1924ರಲ್ಲಿ. ಇಲ್ಲಿಗೆ ಬಂದ ಮೇಲೆ ಕೃಷ್ಣರಾಜೇಂದ್ರ ಆಸ್ಪತ್ರೆಯೂ, ಹೆಂಗಸರ, ಮಕ್ಕಳ ಚೆಲುವಾಂಬ ಆಸ್ಪತ್ರೆಯೂ ವಿದ್ಯಾರ್ಥಿಗಳ ಪಾಠಶಾಲೆಯಾದವು. ಕಾಲೇಜು ನಮ್ಮ ಊರಿಗೆ ಕಾಲಿಟ್ಟ ವರ್ಷದಲ್ಲಿಯೇ ಭಾರತದ ಪದವಿಗಳಿಗೆ ಲಂಡನ್ನಿನ ಬಾಗಿಲು ಮುಚ್ಚಿತ್ತು. ಬ್ರಿಟನ್ನಿನಲ್ಲಿ ಹೆಸರು ಬರೆಸಬೇಕಾದವರು ಅಲ್ಲಿಗೇ ಹೋಗಿ ಎಂ.ಆರ್.ಸಿ.ಎಸ್., ಎಲ್.ಆರ್.ಸಿ.ಪಿ. ಎಂಬ ಜೋಡಿ ಡಿಪ್ಲೊಮಾದಂಥ ಪರೀಕ್ಷೆ ಪಾಸು ಮಾಡಬೇಕಾಯಿತು. ಹಡಗಿನ ಖರ್ಚು, ಅಲ್ಲಿಯ ವಾಸದ ಖರ್ಚು, ಮತ್ತೆ ಓದು.

ಇದಕ್ಕೆ ಭಾರತ ಕಂಡುಕೊಂಡ ಉಪಾಯ 1933ರ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾನೂನು. ನಮ್ಮ ಕಾಲೇಜುಗಳನ್ನು ನಮ್ಮದೇ ಪರಿಷತ್ತಿನವರು ನೋಡುತ್ತಾರೆ; ಲಂಡನ್ ಪರಿಷತ್ತಿನ ಜೊತೆ ಮಾತನಾಡಲಿ, ಕಾಲೇಜುಗಳ ಜೊತೆಯಲ್ಲ ಎಂಬುದು ಅದರ ಹುರುಳು. 1936ರಲ್ಲಿ ಮಾನ್ಯತೆ ಮರಳತೊಡಗಿತು. ಸ್ವಾತಂತ್ರ್ಯದ ನಂತರ 1956ರ ಕಾನೂನಿನ 12ನೆಯ ಕಲಮು ಈ ಏರ್ಪಾಟನ್ನು ಇನ್ನಷ್ಟು ಬಿಡಿಸಿ ಹೇಳಿತು. ಹೊರದೇಶದ ನೋಂದಣಿ ಸಂಸ್ಥೆಯೊಂದಿಗೆ ನಮ್ಮ ಪರಿಷತ್ತು ಮಾತುಕತೆ ನಡೆಸಬಹುದು. ಒಪ್ಪಂದವಾದರೆ ಆ ದೇಶದ ಪದವಿಗಳನ್ನು ಕೇಂದ್ರ ಸರ್ಕಾರ ಕಾನೂನಿನ ಎರಡನೆಯ ಪಟ್ಟಿಗೆ ಸೇರಿಸಬಹುದು. ಆ ಎರಡನೆಯ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಬರುತ್ತದೆ.

ಈಗ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ.ಬಿ.ಬಿ.ಎಸ್. ಮುಗಿಸಿದ್ದಾನೆ. ಕೆ.ಆರ್. ಆಸ್ಪತ್ರೆಯಲ್ಲಿ ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದಿದ್ದಾನೆ. ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಸಿ, ತನ್ನ ಮೇಲೆ ಯಾವ ದೂರೂ ಇಲ್ಲವೆಂಬ ಪತ್ರ ಪಡೆದು, ಪದವಿಯ ಪತ್ರದ ಜೊತೆ ಅದನ್ನು ಲಂಡನ್ನಿನ ಕೌನ್ಸಿಲ್‌ಗೆ ಒಪ್ಪಿಸುತ್ತಾನೆ. ಶುಲ್ಕ ಕಟ್ಟುತ್ತಾನೆ. ಪರೀಕ್ಷೆಯಿಲ್ಲ, ಇಂಗ್ಲಿಷಿನ ಪರೀಕ್ಷೆಯೂ ಇಲ್ಲ. ಪೂರ್ಣ ನೋಂದಣಿ ಸಿಗುತ್ತದೆ. ಪೂರ್ಣ ಎಂಬ ಮಾತಿಗೆ ಬಹಳ ಬೆಲೆ. ಅವನು ಯಾವ ಆಸ್ಪತ್ರೆಯಲ್ಲಾದರೂ ಕೆಲಸ ಹಿಡಿಯಬಹುದು, ಬಿಡಬಹುದು, ಮುಂದೆ ಯಾವುದಾದರೂ ಊರಿನಲ್ಲಿ ಕುಟುಂಬ ವೈದ್ಯನಾಗಿ ನೆಲೆ ನಿಲ್ಲಬಹುದು. ವಲಸೆಯ ಕಾಗದಪತ್ರ ಬೇರೆ ಬೇಕಿತ್ತು, ನಿಜ. ಆದರೆ ಅದನ್ನು ಕೊಡುವುದು ಸರ್ಕಾರ, ಪರಿಷತ್ತಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ಕೈಸುಟ್ಟುಕೊಂಡವರು ಇಂದಿಗೂ ಇದ್ದಾರೆ.

ಅವನ ತಮ್ಮ ಹತ್ತು ವರ್ಷ ಚಿಕ್ಕವನು. 1976ರಲ್ಲಿ ಅದೇ ಕಾಲೇಜು, ಅದೇ ವಿಶ್ವವಿದ್ಯಾನಿಲಯ, ಅದೇ ಪದವಿ. ಅಣ್ಣನ ಹಾಗೆಯೇ ಕಾಗದಗಳನ್ನು ಹೊಂದಿಸಿಕೊಂಡು ಹೋದರೆ ಕೆಲಸ ಆಗುವುದಿಲ್ಲ. ನಡುವೆ 1975 ಬಂದುಹೋಗಿದೆ.

ಆ ವರ್ಷ ಬ್ರಿಟನ್ನಿನಲ್ಲಿ ಮೆರಿಸನ್ ಸಮಿತಿಯ ವರದಿ ಹೊರಬಂತು. ಹೊರದೇಶಗಳಲ್ಲಿ ಓದಿ ಬಂದ ವೈದ್ಯರಲ್ಲಿ ಗಣನೀಯ ಸಂಖ್ಯೆಯವರ ಕೌಶಲ ಸಾಮಾನ್ಯವಾಗಿ ಒಪ್ಪಬಹುದಾದ ಮಟ್ಟಕ್ಕಿಂತ ಕೆಳಗಿದೆ ಎಂದು ಅದು ಹೇಳಿತು. ಹಳೆಯ ಗಂಟು ಮತ್ತೆ ಬಿಗಿಯಿತು. ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಕಾಲೇಜುಗಳು ಬೇಗ ಬೇಗ ಬೆಳೆದಿದ್ದವು. ನಮ್ಮ ರಾಜ್ಯವನ್ನೇ ನೋಡಿ: ಮಣಿಪಾಲದ ಕಾಲೇಜು 1953ರದು, ಬೆಂಗಳೂರಿನದು 1955ರದು, ಹುಬ್ಬಳ್ಳಿಯದು 1957ರದು. ದೂರದ ಲಂಡನ್ನಿನಲ್ಲಿ ಕುಳಿತು, ಇಷ್ಟೊಂದು ಕಾಲೇಜುಗಳ ಮಟ್ಟವನ್ನು ಇನ್ನೊಬ್ಬರ ಮಾತಿನ ಮೇಲೆ ನಂಬುವುದೇ, ಬಿಡುವುದೇ? ಕೌನ್ಸಿಲ್ ಬಿಡುವುದೆಂದು ತೀರ್ಮಾನಿಸಿತು. ಭಾರತದ ಪದವಿಗಳಿಗಿದ್ದ ನೇರ ಮಾನ್ಯತೆ ನಿಂತಿತು. ಕಾಲೇಜನ್ನು ನೋಡುವ ಬದಲು ವ್ಯಕ್ತಿಯನ್ನೇ ಪರೀಕ್ಷಿಸುವ ಪದ್ಧತಿ ಬಂತು. ಅದರ ಇಂದಿನ ಹೆಸರು ಪ್ಲ್ಯಾಬ್.

ನನ್ನ ಅಭಿಪ್ರಾಯ ಕೇಳಿದರೆ, ಕೌನ್ಸಿಲ್ಲಿನ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಆ ಅನುಮಾನ ಬಂದ ಹೊತ್ತು ವಿಚಿತ್ರ. ಬ್ರಿಟನ್ನಿನ ಆಸ್ಪತ್ರೆಗಳಿಗೆ ವೈದ್ಯರು ಸಾಲದೆ, ಅವರ ಕೈಯಿಂದಲೇ ವರ್ಷಗಟ್ಟಲೆ ಕೆಲಸ ತೆಗೆದುಕೊಂಡ ಮೇಲೆ ಅದು ಬಂತು.

ತಮ್ಮನಿಗೆ ಏನಾಯಿತು? ವೈದ್ಯಶಾಸ್ತ್ರದ ಪ್ರಶ್ನೆಪತ್ರಿಕೆ, ಇಂಗ್ಲಿಷಿನ ಪರೀಕ್ಷೆ, ಮೌಖಿಕ ಎಲ್ಲವನ್ನೂ ದಾಟಬೇಕು. ಆರಂಭದ ವರ್ಷಗಳಲ್ಲಿ ಪಾಸಾದವರಿಗಿಂತ ನಪಾಸಾದವರೇ ಹೆಚ್ಚು. ಪಾಸಾದರೂ ಮೊದಲಿಗೆ ಸಿಗುವುದು ತಾತ್ಕಾಲಿಕ ನೋಂದಣಿ. ಅದು ಇಂತಹ ಆಸ್ಪತ್ರೆಯ ಇಂತಹ ಹುದ್ದೆ ಎಂದು ಕಟ್ಟಿಹಾಕಿದ ನೋಂದಣಿ. ಹುದ್ದೆ ಮುಗಿದರೆ ನೋಂದಣಿಯೂ ಮುಗಿಯಿತು. ಅದರ ಮೇಲೆ ಕುಟುಂಬ ವೈದ್ಯನಾಗಿ ಬೋರ್ಡು ಹಾಕುವ ಹಾಗಿಲ್ಲ. ಅಣ್ಣನ ಹೆಸರು ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಮಾನ್ಯತೆ ಹೋದದ್ದು ಮುಂದಿನವರಿಗೆ, ಹಿಂದೆ ಬರೆಸಿದವರಿಗಲ್ಲ. ಒಂದೇ ಮನೆಯ ಇಬ್ಬರು ಮಕ್ಕಳ ಒಂದೇ ಪದವಿಗೆ ಎರಡು ಬೆಲೆ ಬಂದದ್ದು ಹೀಗೆ.

ಕೊಡುಕೊಳ್ಳುವಿಕೆ ಎಂದಮೇಲೆ ಇನ್ನೊಂದು ಕಡೆಯೂ ಇರಬೇಕಲ್ಲ. ಇತ್ತು. ಭಾರತವೂ ಬ್ರಿಟನ್ನಿನ ಪದವಿಗಳಿಗೆ ಗೆರೆ ಎಳೆಯಿತು. ಆ ಎರಡನೆಯ ಪಟ್ಟಿಯಲ್ಲಿ ಬ್ರಿಟಿಷ್ ಪದವಿಗಳ ಎದುರು ಒಂದು ದಿನಾಂಕ ಬಂದು ಕೂತಿತು: 11-11-1978. ಆ ದಿನ ಅಥವಾ ಅದಕ್ಕೆ ಮುಂಚೆ ಪಡೆದ ಪದವಿಯಾದರೆ ಪಟ್ಟಿಯ ಲೆಕ್ಕದಲ್ಲಿ ಮಾನ್ಯ, ಅದರ ಮರುದಿನದ್ದಾದರೆ ಇಲ್ಲ. ಎಡಿನ್‌ಬರೋದ ಅದೇ ತರಗತಿ, ಅದೇ ಗುರುಗಳು. ತಾರೀಖು ಮಾತ್ರ ಬೇರೆ. ಅಲ್ಲಿಂದೀಚೆಗೆ ಎರಡು ದೇಶಗಳ ನಡುವೆ ಎಂ.ಬಿ.ಬಿ.ಎಸ್. ಮಟ್ಟದ ನೇರ ಪರಸ್ಪರ ಮಾನ್ಯತೆ ಮರಳಿಲ್ಲ.

ಇಂದಿನ ಸ್ಥಿತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿಂದ ಹೋಗುವವರು ಮೊದಲು ಇಂಗ್ಲಿಷ್ ಪರೀಕ್ಷೆ, ಬಳಿಕ ಪ್ಲ್ಯಾಬ್‌ನ ಎರಡು ಭಾಗ ಬರೆಯಬೇಕು. ಮೊದಲ ಭಾಗ 180 ಪ್ರಶ್ನೆಗಳ ಪತ್ರಿಕೆ. ಎರಡನೆಯದು ಮ್ಯಾಂಚೆಸ್ಟರಿನಲ್ಲಿ, ರೋಗಿಯ ಪಾತ್ರ ಮಾಡುವವರ ಮುಂದೆ ನಡೆಯುವ ಪ್ರಾಯೋಗಿಕ. ಎಂ.ಆರ್.ಸಿ.ಪಿ.ಯಂಥ ಅಲ್ಲಿಯ ಉನ್ನತ ಪರೀಕ್ಷೆ ಪೂರ್ತಿ ಮಾಡಿದವರಿಗೆ ಪ್ಲ್ಯಾಬ್ ಇಲ್ಲ. ನಮ್ಮ ರಾಜ್ಯ ಪರಿಷತ್ತಿನ ಸನ್ನಡತೆಯ ಪತ್ರ ಮಾತ್ರ ಅಣ್ಣನ ಕಾಲದಂತೆ ಈಗಲೂ ಬೇಕು. 2023ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವಿಶ್ವ ವೈದ್ಯ ಶಿಕ್ಷಣ ಒಕ್ಕೂಟದಿಂದ ಹತ್ತು ವರ್ಷದ ಮನ್ನಣೆ ಸಿಕ್ಕಿತು. ಇನ್ನು ಪರೀಕ್ಷೆಯೇ ಇಲ್ಲ ಎಂದು ಕೆಲವರು ಹಿಗ್ಗಿದರು. ಅದು ಹಾಗಲ್ಲ. ಕಾಲೇಜು ತಪಾಸಣೆ ಮಾಡುವ ನಮ್ಮವರ ಕ್ರಮ ಸರಿಯಿದೆ ಎಂದು ಮೂರನೆಯವರು ಹೇಳಿದ ಮಾತು ಅದು. ನೋಂದಣಿ ಕೊಡುವ ಅಧಿಕಾರ ಆಯಾ ದೇಶದ ಪರಿಷತ್ತಿನದೇ.

ನಾನು ಬಂದು ಕೂತಾಗಲೇ ಮುಂದಿನ ಸಾಲಿನ ತಾತ ಒಬ್ಬರು ಕೇಳಿದರು: "ನೋಡಮ್ಮ, ನನ್ನ ಮೊಮ್ಮಗಳು ಇಂಗ್ಲೆಂಡಿನಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಮುಗಿಸಿಕೊಂಡು ಬಂದು ಇಲ್ಲಿ ಶಾಪು ಇಡಬಹುದೋ?" ತಾತ, ಅವಳದು ಭಾರತದ ಪಾಸ್‌ಪೋರ್ಟು ಎಂದುಕೊಂಡು ಹೇಳುತ್ತೇನೆ. ಪದವಿ 1978ರ ಗೆರೆಯಿಂದ ಈಚಿನದು, ಹಾಗಾಗಿ ಹಳೆಯ ಪಟ್ಟಿ ಅವಳ ನೆರವಿಗೆ ಬರುವುದಿಲ್ಲ. 2002ರಿಂದ ಹೊರದೇಶದ ಪದವೀಧರರಿಗೆ ಇಲ್ಲಿ ಅರ್ಹತಾ ಪರೀಕ್ಷೆ ಇದೆ, ಎಫ್.ಎಂ.ಜಿ.ಇ. ಎನ್ನುತ್ತಾರೆ. 300 ಪ್ರಶ್ನೆ, 150 ಅಂಕ ಬಂದರೆ ಪಾಸು. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳಲ್ಲಿ ಪದವಿಯನ್ನೂ, ಅಲ್ಲಿ ಮಾನ್ಯವಾದ ಸ್ನಾತಕೋತ್ತರ ಅರ್ಹತೆಯನ್ನೂ ಪಡೆದವರಿಗೆ ಅದರಿಂದ ವಿನಾಯಿತಿ ಕೊಟ್ಟಿದ್ದಾರೆ. ಇದು ಒಪ್ಪಂದವಲ್ಲ, ಭಾರತ ತಾನಾಗಿ ಕೊಟ್ಟ ಸಡಿಲಿಕೆ. ತಾನಾಗಿ ಕೊಟ್ಟದ್ದನ್ನು ತಾನಾಗಿ ತೆಗೆಯಲೂಬಹುದು. ಆದ್ದರಿಂದ ಅವಳು ಹೊರಡುವ ವರ್ಷ ಆಯೋಗದ ನಿಯಮ ಏನಿದೆಯೋ ಅದನ್ನು ಮೊದಲು ತರಿಸಿ ಓದಲಿ. ಓದಲು ಸೇರಿದ ವರ್ಷದ್ದನ್ನಷ್ಟೇ ನಂಬಿ ಕೂರಬಾರದು. ಅಲ್ಲಿಯ ಕೌನ್ಸಿಲ್‌ನಿಂದ ಸನ್ನಡತೆಯ ಪತ್ರವನ್ನು ಬರುವ ಮುನ್ನವೇ ಕೇಳಿಟ್ಟುಕೊಳ್ಳಲು ಹೇಳಿ.